ವಿಎಆರ್ ಬ್ಯಾಕ್‌ಟೆಸ್ಟ್‌ನಲ್ಲಿ 3 ಎಕ್ಸೆಪ್ಶನ್ ಬಂದರೆ ಪಾಸಾ?

ಪ್ರಶ್ನೆ: "99% ಒಂದು ದಿನದ ವಿಎಆರ್, 250 ದಿನದ ಬ್ಯಾಕ್‌ಟೆಸ್ಟ್, 3 ಎಕ್ಸೆಪ್ಶನ್ ಬಂದಿದೆ. ಗ್ರೀನ್ ಝೋನ್ ಅಲ್ವಾ? ಮಾಡೆಲ್ ಸರಿ ಇದೆ ಅಂತ ಬರೆದುಬಿಡಬಹುದಾ?"

ಬರೆಯಬೇಡಿ. 2022ರ ಕೊನೆಗೆ ನಾನೂ ಇದೇ 3 ಅನ್ನೋ ಸಂಖ್ಯೆ ಹಿಡಿದುಕೊಂಡು ಮುಂಬೈಯಲ್ಲಿ ಒಂದು ಟ್ರೆಶರಿಯ ರಿಸ್ಕ್ ಡೆಸ್ಕ್‌ನಲ್ಲಿ ಕೂತಿದ್ದೆ. ಸರ್ಕಾರಿ ಬಾಂಡ್‌ಗಳ ಪೋರ್ಟ್‌ಫೋಲಿಯೊ. 99% ವಿಎಆರ್ ಅಂದ್ರೆ 100ರಲ್ಲಿ 99 ದಿನ ನಷ್ಟ ದಾಟಬಾರದ ಮೊತ್ತ, ದಾಟಿದ ದಿನವೇ ಎಕ್ಸೆಪ್ಶನ್. ಹಾಗಾಗಿ ನಿರೀಕ್ಷೆ 250 ದಿನದ 1%, ಅಂದ್ರೆ ಎರಡೂವರೆ. ಬಾಸೆಲ್ ಬ್ಯಾಂಕಿಂಗ್ ನಿಯಮದ ಪ್ರಕಾರ 4ರವರೆಗೆ ಹಸಿರು, 5ರಿಂದ 9 ಹಳದಿ, 10 ಅಥವಾ ಜಾಸ್ತಿ ಆದರೆ ಕೆಂಪು. ಮಾಡೆಲ್ ಸರಿ ಇದೆ ಅಂತ ಸಹಿ ಹಾಕಿದೆ, ಅದನ್ನೇ ನಂಬಿ ಡೆಸ್ಕ್‌ನ ಲಿಮಿಟ್ ಹೆಚ್ಚಿಸಿದರು.

ಮೂರು ತಿಂಗಳಾದ ಮೇಲೆ ಇಂಟರ್ನಲ್ ಆಡಿಟ್‌ನಿಂದ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಬಂದಳು. ನನ್ನ ಶೀಟಿನ ಒಂದು ಸಾಲಿನ ಮೇಲೆ ಬೆರಳಿಟ್ಟು, "ಸರ್, ಈ ವಿಎಆರ್ ಯಾವತ್ತಿಂದು ರೀ?" ಅಂದಳು. ಅಷ್ಟೇ ಕೇಳಿದ್ದು. ನನಗೆ ಕೈಕಾಲು ತಣ್ಣಗಾಯಿತು.

ಸಿ ಕಾಲಂನಲ್ಲಿ ಆ ದಿನದ ಲಾಭನಷ್ಟ, ಡಿ ಕಾಲಂನಲ್ಲಿ ಆ ದಿನ ಸಂಜೆ ಲೆಕ್ಕ ಹಾಕಿದ ವಿಎಆರ್. ನಾನು ಎಣಿಸಿದ್ದು ಹೀಗೆ:

```
=IF(C125<-D125,1,0)
```

ಎಣಿಸಬೇಕಿದ್ದದ್ದು ಹೀಗೆ:

```
=IF(C125<-D124,1,0)
```

ಒಂದೇ ಅಂಕೆಯ ವ್ಯತ್ಯಾಸ. ಆದರೆ ವಿಎಆರ್ ನಾಳೆಯ ನಷ್ಟದ ಬಗ್ಗೆ ಇವತ್ತು ಹೇಳುವ ಮಾತು. ನಿನ್ನೆ ಸಂಜೆ ಹೇಳಿದ್ದನ್ನು ಇವತ್ತಿನ ನಷ್ಟದ ಎದುರು ಇಡಬೇಕು. ನಾನು ಇವತ್ತಿನ ನಷ್ಟವನ್ನು ನೋಡಿಯಾದ ಮೇಲೆ ಲೆಕ್ಕ ಹಾಕಿದ ವಿಎಆರ್ ಎದುರೇ ಅದನ್ನು ಇಟ್ಟಿದ್ದೆ. ಉತ್ತರಪತ್ರಿಕೆ ಕೈಯಲ್ಲಿಟ್ಟುಕೊಂಡು ಪರೀಕ್ಷೆ ಬರೆದ ಹಾಗೆ.

ಒಂದು ದಿನದ ಗತಿ ನೋಡಿ. ನಮ್ಮದು ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಡುವ ಇಡಬ್ಲ್ಯುಎಂಎ, ಲ್ಯಾಂಬ್ಡಾ 0.94. ಹೊಸ ವೇರಿಯನ್ಸ್ ಅಂದ್ರೆ ಹಳೆಯದರ 0.94 ಭಾಗ, ಜೊತೆಗೆ ಇವತ್ತಿನ ಏರಿಳಿತದ ವರ್ಗದ 0.06 ಭಾಗ. ನಿನ್ನೆ ಸಂಜೆ ವಿಎಆರ್ 1 ಕೋಟಿ ಇತ್ತು ಅಂದುಕೊಳ್ಳಿ. 99%ರ ಗುಣಕವಾದ 2.33ರಿಂದ ಭಾಗಿಸಿದರೆ ದಿನದ ವೊಲಾಟಿಲಿಟಿ ಸುಮಾರು 43 ಲಕ್ಷ. ಇವತ್ತು ಹೋದದ್ದು 1 ಕೋಟಿ 15 ಲಕ್ಷ. ಇದು ಎಕ್ಸೆಪ್ಶನ್, ಅನುಮಾನವೇ ಬೇಡ. ಆದರೆ ಪೊಸಿಷನ್ ಬದಲಾಗದೇ ಇದ್ದರೂ ಸಂಜೆಗೆ ಇದೇ ನಷ್ಟ ಫಾರ್ಮುಲಾದೊಳಗೆ ಹೋಗಿ ವೊಲಾಟಿಲಿಟಿ 50 ಲಕ್ಷಕ್ಕೆ ಏರುತ್ತದೆ, ವಿಎಆರ್ 1 ಕೋಟಿ 17 ಲಕ್ಷ ಆಗುತ್ತದೆ. 115 ಅನ್ನೋದು 117ಕ್ಕಿಂತ ಕಮ್ಮಿ. ಎಕ್ಸೆಪ್ಶನ್ ಮಾಯ.

ಈ ಸೆಟ್ಟಿಂಗ್‌ನಲ್ಲಿ ನಿನ್ನೆಯ ವಿಎಆರ್ ಅನ್ನು ಸುಮಾರು 18% ಒಳಗೆ ದಾಟಿದ ನಷ್ಟ ಎಲ್ಲವೂ ಹೀಗೇ ಮಾಯವಾಗುತ್ತದೆ. ದೊಡ್ಡವು ಮಾತ್ರ ಉಳಿಯುತ್ತವೆ. ಮೇ 4, 2022ರಂದು ಆರ್‌ಬಿಐ ಮೊದಲೇ ಗೊತ್ತುಪಡಿಸದ ದಿನ ರೆಪೊ ದರವನ್ನು 40 ಬೇಸಿಸ್ ಪಾಯಿಂಟ್ ಏರಿಸಿ 4.40% ಮಾಡಿತಲ್ಲ, ಆ ದಿನದ ನಷ್ಟ ನನ್ನ ತಪ್ಪು ಪಟ್ಟಿಯಲ್ಲೂ ಇತ್ತು. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಪಟ್ಟಿ ನೋಡಿದರೆ ನಿಜವಾದ ಕೆಟ್ಟ ದಿನಗಳೇ ಕಾಣುತ್ತಿದ್ದವು.

ಸರಿಯಾಗಿ ಎಣಿಸಿದಾಗ 7 ಬಂತು. ಮಾಡೆಲ್ ನಿಜವಾಗಿ 99% ಆಗಿದ್ದರೆ 250 ದಿನದಲ್ಲಿ 7 ಅಥವಾ ಜಾಸ್ತಿ ಬರುವ ಸಾಧ್ಯತೆ 1.4% ಮಾತ್ರ. ಎಣಿಕೆ 1%ಗೆ ಹೊಂದುತ್ತದಾ ಅಂತ ನೋಡುವ ಕುಪಿಯೆಕ್ ಟೆಸ್ಟ್‌ನಲ್ಲಿ 5.5 ಬಂತು, 5% ಮಟ್ಟದ ಗಡಿ 3.84. ಅಂದ್ರೆ ಫೇಲ್. (6 ಬಂದಿದ್ದರೆ ಸುಮಾರು 3.56, ಪಾಸ್!) ಲಿಮಿಟ್ ವಾಪಸ್ ಇಳಿಸಿದರು, ಮಾಡೆಲ್‌ಗೆ ಸಹಿ ಹಾಕುವ ಅಧಿಕಾರ ನನ್ನಿಂದ ಒಂದು ವರ್ಷ ತೆಗೆದರು. ಆ ರಾತ್ರಿ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡು ಹೋದದ್ದು ಈಗಲೂ ನೆನಪಿದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ. 3 ಒಪ್ಪಬಹುದಾ ಅನ್ನೋದು ಆಮೇಲೆ, ಮೊದಲು ಆ 3 ಎಣಿಸಿದ್ದು ಹೇಗೆ? ನಿಮ್ಮ ಪಟ್ಟಿಯ ಅತಿ ಕೆಟ್ಟ ದಿನದ ಸಾಲು ತೆಗೆಯಿರಿ. ಅದೇ ಸಾಲಿನಲ್ಲಿ ವಿಎಆರ್ ಆಗಲೇ ಹಿಂದಿನ ಸಾಲಿಗಿಂತ ಎಗರಿದ್ದರೆ ನೀವು ಸಂಜೆಯ ವಿಎಆರ್ ಬಳಸಿದ್ದೀರಿ. ಲಾಭನಷ್ಟವೂ ನಿನ್ನೆಯ ಪೊಸಿಷನ್ ಹಾಗೇ ಇಟ್ಟಿದ್ದರೆ ಎಷ್ಟಾಗುತ್ತಿತ್ತು ಅನ್ನೋದೇ ಆಗಿರಬೇಕು. ಹಗಲು ಟ್ರೇಡ್ ಮಾಡಿ ಗಳಿಸಿದ್ದು ಅದರಲ್ಲಿ ಸೇರಿದ್ದರೆ ಅದೂ ಎಕ್ಸೆಪ್ಶನ್ ಮುಚ್ಚುತ್ತದೆ.

ಎಲ್ಲ ಸರಿ ಮಾಡಿ ಮತ್ತೆ 3 ಬಂದರೂ ನಾನಾದರೆ "ಮಾಡೆಲ್ ಸರಿ ಇದೆ" ಅಂತ ಬರೆಯಲ್ಲ, "ತಿರಸ್ಕರಿಸಲು ಆಧಾರ ಸಿಗಲಿಲ್ಲ" ಅಂತ ಬರೀತೀನಿ. ಯಾಕಂದ್ರೆ ನಿಜದಲ್ಲಿ 98% ಮಾತ್ರ ಹಿಡಿಯುವ ಮಾಡೆಲ್ ಕೂಡ 250 ದಿನದಲ್ಲಿ ಸುಮಾರು 44% ಸಲ 4 ಅಥವಾ ಕಮ್ಮಿ ಎಕ್ಸೆಪ್ಶನ್ ಕೊಟ್ಟು ಹಸಿರಲ್ಲೇ ಕೂರುತ್ತದೆ. ಆಮೇಲೆ ತಾರೀಕು ನೋಡಿ. ನನ್ನ 7ರಲ್ಲಿ 4 ಎರಡೇ ವಾರದಲ್ಲಿ ಬಂದಿದ್ದವು, ಬರೀ ಎಣಿಕೆ ಅದನ್ನು ಹೇಳಲ್ಲ. ನಿಮ್ಮ 3 ಕೂಡ ಒಂದೇ ವಾರದಲ್ಲಿದ್ದರೆ ಹಸಿರು ಅಂತ ಸುಮ್ನೆ ಬಿಡಬೇಡಿ, ಆ ವಾರದ ತಾರೀಕುಗಳನ್ನು ರಿಪೋರ್ಟ್‌ನ ಮೊದಲ ಪುಟದಲ್ಲೇ ಹಾಕಿ.