ನಾಲ್ಕು ಪುಟದಲ್ಲಿ ಇಲ್ಲದ ಸಾಲು

ನರ್ಸಿಂಗ್ ಓದುವ ಮಕ್ಕಳು ಇದೇ ಸಂಕಟ ಹಿಡಿದು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ವಾರ್ಡಿನ ಅನುಭವದ ಬಗ್ಗೆ ಬರೆಯಲು ಹೇಳಿರುತ್ತಾರೆ. ಬರೆದದ್ದನ್ನು 'ಇದು ಬರೀ ವರ್ಣನೆ' ಎಂದು ವಾಪಸ್ ಕೊಟ್ಟಿರುತ್ತಾರೆ. ಅಂಥ ಒಬ್ಬ ಹುಡುಗಿಯ ಪ್ರಕರಣವನ್ನು ಅವಳ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಶಿವಮೊಗ್ಗದಲ್ಲಿ ಓದುವ ಎರಡನೇ ವರ್ಷದ ಹುಡುಗಿ. ರಾತ್ರಿ ಪಾಳಿಯಲ್ಲಿ ಕ್ರಿಮಿನಾಶಕದ ವಿಷ ಏರಿದ ಒಬ್ಬ ರೈತರ ಹಾಸಿಗೆ ಪಕ್ಕ ಇದ್ದಳು. ಆಮೇಲೆ ನಿದ್ದೆ ಬರುತ್ತಿರಲಿಲ್ಲ. "ನಾನು ಅತ್ತಿದ್ದನ್ನೂ ಬರೆದಿದ್ದೆ ಮೇಡಂ, ಅದಕ್ಕೂ ಬೆಲೆ ಇಲ್ವಾ?" ಎಂದಳು.

ನಾಲ್ಕು ಪುಟ ಓದಿದೆ. ಚೆನ್ನಾಗಿಯೇ ಬರೆದಿದ್ದಳು. ಆ ವಿಷ ಬಾಯಿ, ಎದೆಯಲ್ಲೆಲ್ಲ ನೀರು ತುಂಬಿಸುತ್ತದೆ. ಅದನ್ನು ಒಣಗಿಸಲು ಅಟ್ರೋಪಿನ್ ಕೊಡುತ್ತಾರೆ. ಅದು ಜಾಸ್ತಿಯಾದರೆ ರೋಗಿ ಗಲಿಬಿಲಿಗೊಳ್ಳುತ್ತಾರೆ, ಜ್ವರ ಏರುತ್ತದೆ. ಇವರೂ ಗಾಳಿಯಲ್ಲಿ ದಾರ ಹೆಕ್ಕುವವರಂತೆ ಬೆರಳಾಡಿಸುತ್ತಿದ್ದರು, ಕೂಗುತ್ತಿದ್ದರು. ಡ್ರಿಪ್ಪಿನ ಸೂಜಿ ಕಿತ್ತುಕೊಳ್ಳಬಾರದೆಂದು ಕೈ ಕಟ್ಟಲು ಡಾಕ್ಟರ್ ಹೇಳಿದರು. ಇವಳೂ ಬಟ್ಟೆಯ ಒಂದು ತುದಿ ಹಿಡಿದಳು. "ಇವ್ರಿಗೆ ಏನೋ ತಡ್ಕೊಳ್ಳಕ್ಕೆ ಆಗ್ತಿಲ್ಲ ಸಿಸ್ಟರ್" ಎಂದು ಹೆಂಡತಿ ಎರಡು ಸಲ ಹೇಳಿದ್ದರು. "ಔಷಧಿದು ಅಮ್ಮ, ಇಳಿಯುತ್ತೆ" ಎಂದು ಇವಳು ಸಮಾಧಾನ ಹೇಳಿದ್ದಳು.

ನಾನು ಒಂದೇ ಪ್ರಶ್ನೆ ಕೇಳಿದೆ. "ಇದರಲ್ಲಿ ನಿನ್ನ ಕಣ್ಣಿಗೆ ಬಿದ್ದೂ ಬರೆಯದೇ ಬಿಟ್ಟಿದ್ದು ಏನಾದ್ರೂ ಇದೆಯಾ?"

ತುಂಬಾ ಹೊತ್ತು ಸುಮ್ಮನಿದ್ದಳು. ದುಪಟ್ಟದ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಮೂತ್ರದ ಚೀಲ ಖಾಲಿ ಇತ್ತು ಮೇಡಂ" ಎಂದಳು.

ರಾತ್ರಿ 2 ಗಂಟೆಗೆ ಚೀಲ ಬರಿದು ಮಾಡಿ ಚಾರ್ಟಿನಲ್ಲಿ ಬರೆದಿದ್ದರು. ಡ್ರಿಪ್ ಓಡುತ್ತಲೇ ಇತ್ತು. 4 ಗಂಟೆಗೆ ಚೀಲ ಖಾಲಿ ಇದ್ದದ್ದನ್ನು ಇವಳು ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ. ದೊಡ್ಡವರಲ್ಲಿ ಮೂತ್ರ ಗಂಟೆಗೆ ಸುಮಾರು 30 ಎಂಎಲ್‌ಗಿಂತ ಕಡಿಮೆಯಾದರೆ ತಿಳಿಸಬೇಕು ಎಂದು ಮೊದಲ ವರ್ಷವೇ ಓದಿರುತ್ತಾರೆ. 6 ಗಂಟೆಗೆ ಬಂದ ಹಿರಿಯ ಸಿಸ್ಟರ್ ಹೊದಿಕೆ ಸರಿಸಿ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿದರು. ಗಟ್ಟಿಯಾಗಿ ಉಬ್ಬಿತ್ತು. ಮೂತ್ರದ ಟ್ಯೂಬು ತೊಡೆಯ ಅಡಿಯಲ್ಲಿ ಮಡಚಿಕೊಂಡಿತ್ತು. ನೇರ ಮಾಡಿದ ಕೂಡಲೇ 600 ಎಂಎಲ್ ಇಳಿಯಿತು. ಕೂಗಾಟ ಪೂರ್ತಿ ನಿಲ್ಲಲಿಲ್ಲ, ಅಟ್ರೋಪಿನ್‌ನ ಪಾಲೂ ಅದರಲ್ಲಿ ಇತ್ತು. ಆದರೆ ಕಾಲು ಒದೆಯುವುದು ನಿಂತಿತು.

"ನಿನ್ನ ತಪ್ಪೇನಿಲ್ಲ ಬಿಡು" ಎಂದು ನಾನು ಹೇಳಲಿಲ್ಲ. ಗೆಳತಿಯೊಬ್ಬರು ಇದನ್ನು ಕೇಳಿ ನನ್ನನ್ನು ಬೈದರು, ಮೊದಲೇ ನೊಂದ ಮಗು ಅದು ಎಂದು. ನಾನು ಒಪ್ಪುವುದಿಲ್ಲ. ಯಾವ ತಪ್ಪು ಎಂದೇ ತಿಳಿಯದ ತಪ್ಪು ರಾತ್ರಿಯೆಲ್ಲ ಕಾಡುತ್ತದೆ. ಹಾಗಾಗಿ ಇಬ್ಬರೂ ಕೂತು ಅದರ ಅಳತೆ ಹಾಕಿದೆವು. ಕೈ ಕಟ್ಟುವ ತೀರ್ಮಾನ ಅವಳದಲ್ಲ. ಆ ರಾತ್ರಿ ವಾರ್ಡಿನಲ್ಲಿ ಜನ ಸಾಲದೇ ಇದ್ದದ್ದೂ ಅವಳ ಹೊಣೆಯಲ್ಲ. ಖಾಲಿ ಚೀಲದ ಬಗ್ಗೆ ಸುಮ್ಮನಿದ್ದದ್ದು ಮಾತ್ರ ಅವಳದು. ಯಾಕೆ ಸುಮ್ಮನಿದ್ದೆ ಎಂದು ಕೇಳಿದಾಗ ನಿಜವಾದ ಪಾಠ ಹೊರಬಂತು. "ಅಟ್ರೋಪಿನ್‌ನಿಂದ ಅಂತ ಎಲ್ಲರೂ ಅಂದ್ರು. ಕಾರಣ ಸಿಕ್ಕಿತಲ್ಲ ಅಂತ ಬೇರೆ ಹುಡುಕಲಿಲ್ಲ."

ಅನುಭವವನ್ನು ಹಿಂತಿರುಗಿ ನೋಡಿ ಅದರಿಂದ ಕಲಿಯಲು ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳನ್ನು ನರ್ಸಿಂಗ್ ಮಕ್ಕಳು ಕಲಿತಿರುತ್ತಾರೆ. ಏನಾಯ್ತು, ಏನನ್ನಿಸಿತು ಎಂಬುದು ಮೊದಲ ಎರಡು ಮಾತ್ರ. ಇವಳ ಪುಟಗಳು ಅಲ್ಲಿಯೇ ಮುಗಿದಿದ್ದವು. ಕೊನೆಯಲ್ಲಿ 'ಮುಂದೆ ಎಚ್ಚರಿಕೆಯಿಂದ ಇರುತ್ತೇನೆ' ಎಂದಿತ್ತು. ಅದನ್ನು ತೆಗೆಸಿದೆ. ಎಚ್ಚರಿಕೆ ಎಂದರೆ ಕೈ ಏನು ಮಾಡುತ್ತದೆ ಎಂದು ಬರಿ ಅಂದೆ. ಅವಳು ಬರೆದಳು: ರೋಗಿ ಚಡಪಡಿಸಿದರೆ ಕೈ ಕಟ್ಟುವ ಮೊದಲು ಟ್ಯೂಬನ್ನು ತುದಿಯಿಂದ ತುದಿಗೆ ಬೆರಳಲ್ಲಿ ಹಿಡಿದು ನೋಡುತ್ತೇನೆ, ಹೊಟ್ಟೆ ಮುಟ್ಟುತ್ತೇನೆ, ಕಂಡದ್ದನ್ನು ಸಿಸ್ಟರ್‌ಗೆ ಹೇಳುತ್ತೇನೆ. ಮನೆಯವರು ಅದೇ ಮಾತನ್ನು ಎರಡನೇ ಸಲ ಹೇಳಿದರೆ ಮತ್ತೆ ನೋಡುತ್ತೇನೆ.

ಇನ್ನೊಂದು ಮಾತನ್ನೂ ಹೇಳಿದೆ. ಮೊದಲ ಬರಹದಲ್ಲಿ ರೋಗಿಯ ಊರು, ಮನೆಯ ಹೆಸರು ಎರಡೂ ಇದ್ದವು. ನಮ್ಮ ಮಲೆನಾಡಿನಲ್ಲಿ ಅಷ್ಟು ಸಾಕು, ಯಾರ ಮನೆಯ ವಿಷಯ ಎಂದು ಗೊತ್ತಾಗುತ್ತದೆ. ಎರಡನ್ನೂ ಹೊಡೆದು ಹಾಕಿಸಿದೆ.

ಮೂರು ವಾರ ಕಳೆದು ಬಂದಳು. ನಿದ್ದೆ ಸುಧಾರಿಸಿದೆ. ರಾತ್ರಿ ಪಾಳಿ ಎಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದಂತೆ, ಅದಕ್ಕಾಗಿ ನಾವಿನ್ನೂ ಭೇಟಿಯಾಗುತ್ತಿದ್ದೇವೆ. ಹೊಸ ಬರಹ ಒಂದೂವರೆ ಪುಟ ಇತ್ತು. ಅದು ಶುರುವಾದದ್ದು ಹೀಗೆ: 'ಮೂತ್ರದ ಚೀಲ ಖಾಲಿ ಇತ್ತು. ಅದನ್ನು ನಾನು ನೋಡಿದ್ದೆ.'