ಸಿಎನ್‌ಸಿಯೂ ಕೈಕೆಲಸವೂ ಇರುವ ಶಾಪ್‌ನಲ್ಲಿ ಓವರ್‌ಹೆಡ್ ಹಂಚುವುದು ಹೇಗೆ?

"ಹಾಸನದಲ್ಲಿ ನಮ್ಮದು ಸಣ್ಣ ಶಾಪ್. ಕಾಫಿ ಪಲ್ಪರ್‌ನ ಶಾಫ್ಟ್, ಬುಷ್ ಎರಡು ಸಿಎನ್‌ಸಿಯಲ್ಲಿ, ಫ್ರೇಮ್ ವೆಲ್ಡಿಂಗ್, ಫಿಟ್ಟಿಂಗ್ ಕೈಯಲ್ಲಿ. ತಿಂಗಳಿಗೆ ₹3 ಲಕ್ಷ ಓವರ್‌ಹೆಡ್ಡನ್ನ 600 ಲೇಬರ್ ಗಂಟೆ ಮೇಲೆ ಹಾಕ್ತಿದೀವಿ, ಗಂಟೆಗೆ ₹500. ಮೆಷಿನ್ ಗಂಟೆ ಅಥವಾ ಮೆಟೀರಿಯಲ್ ಬೆಲೆ ಮೇಲೆ ಹಾಕಬೇಕಾ?"

ಒಂದೇ ದರ ಬೇಡ. ಸಿಎನ್‌ಸಿಗೆ ಮೆಷಿನ್ ಗಂಟೆ, ವೆಲ್ಡಿಂಗ್-ಫಿಟ್ಟಿಂಗ್‌ಗೆ ಲೇಬರ್ ಗಂಟೆ, ಹೀಗೆ ಎರಡು ದರ ಮಾಡಿಕೊಳ್ಳಿ.

ಮೊದಲು ಖರ್ಚನ್ನು ಎರಡು ಕಡೆಗೆ ಬಿಡಿಸಿ. ಮೆಷಿನ್ನಿನ ಸವಕಳಿ, ಎಎಂಸಿ, ಕೂಲಂಟ್ ನೇರವಾಗಿ ಸಿಎನ್‌ಸಿಗೆ. ಬಾಡಿಗೆ ಚದರಡಿ ಲೆಕ್ಕದಲ್ಲಿ, ಕರೆಂಟು ಸಬ್‌ಮೀಟರ್ ನೋಡಿ. ಸಿಎನ್‌ಸಿಗೆ ₹2,10,000, ಕೈಕೆಲಸಕ್ಕೆ ₹90,000 ಬಂತು ಅನ್ನಿ. ಎರಡು ಮೆಷಿನ್ ಸೇರಿ 300 ಗಂಟೆ ಓಡಿದರೆ ಗಂಟೆಗೆ ₹700. ಎರಡನ್ನೂ ಒಬ್ಬನೇ ಆಪರೇಟರ್ ನೋಡಿಕೊಂಡರೆ ಅಲ್ಲಿ 150 ಲೇಬರ್ ಗಂಟೆ ಹೋಗುತ್ತದೆ. ಉಳಿದ 450 ಕೈಕೆಲಸದ್ದು, ಗಂಟೆಗೆ ₹200.

ಈಗ 4 ಮೆಷಿನ್ ಗಂಟೆಯ ಶಾಫ್ಟ್ ಆರ್ಡರ್ ನೋಡಿ. ಅದಕ್ಕೆ ಆಪರೇಟರ್ ಸಮಯ 2 ಗಂಟೆ. ನಿಮ್ಮ ಈಗಿನ ಲೆಕ್ಕದಲ್ಲಿ ಅದರ ಮೇಲೆ ಬೀಳುವ ಓವರ್‌ಹೆಡ್ ₹1,000, ನಿಜವಾಗಿ ಬೀಳಬೇಕಾದ್ದು ₹2,800. 6 ಗಂಟೆಯ ಫ್ರೇಮ್ ಕೆಲಸಕ್ಕೆ ₹3,000 ಹಾಕುತ್ತಿದ್ದೀರಿ, ಅದಕ್ಕೆ ₹1,200 ಸಾಕು. ಹೀಗಾದಾಗ ಶಾಫ್ಟ್ ಆರ್ಡರ್ ಸಲೀಸಾಗಿ ಬರುತ್ತದೆ, ಫ್ರೇಮ್ ಕೊಟೇಶನ್ ಕೈತಪ್ಪುತ್ತದೆ. ಮೆಷಿನ್ ಬಿಡುವಿಲ್ಲದೆ ಓಡಿದರೂ ತಿಂಗಳ ಕೊನೆಗೆ ದುಡ್ಡು ಉಳಿಯುವುದಿಲ್ಲ. ನಿಮ್ಮಲ್ಲೂ ಹೀಗಾಗುತ್ತಿದ್ದರೆ ಮೊದಲು ಈ ದರವನ್ನೇ ಅನುಮಾನಿಸಿ.

ಮೆಟೀರಿಯಲ್ ಬೆಲೆಯನ್ನಂತೂ ನಾನು ಒಪ್ಪುವುದಿಲ್ಲ. ಅದೇ ಬುಷ್ಷನ್ನು ಎಂಎಸ್ ಬದಲು ಗನ್‌ಮೆಟಲ್‌ನಲ್ಲಿ ಮಾಡಿದರೆ ಮೆಟೀರಿಯಲ್ ಹಲವು ಪಟ್ಟು ದುಬಾರಿ, ಆದರೆ ಬಾಡಿಗೆ, ಸವಕಳಿ ಅಷ್ಟು ಪಟ್ಟು ಏರುವುದಿಲ್ಲವಲ್ಲ. ಸರಕು ತರುವ, ಸ್ಟೋರ್ ನೋಡಿಕೊಳ್ಳುವ ಖರ್ಚಿಗೆ ಮಾತ್ರ ಅದು ಸ್ವಲ್ಪ ಹೊಂದುತ್ತದೆ.

ಎಡವುವ ಜಾಗ ಸೆಟ್ಟಿಂಗ್ ಸಮಯ. ಸ್ಕ್ರೀನ್ ಮೇಲಿನ ಸೈಕಲ್ ಟೈಮ್ ಮಾತ್ರ ಹಿಡಿದರೆ ಸಣ್ಣ ಲಾಟ್ ಅಗ್ಗವಾಗಿ ಕಾಣುತ್ತದೆ. 5 ಶಾಫ್ಟ್‌ಗೆ ಜಾ, ಟೂಲ್, ಆಫ್‌ಸೆಟ್ ಸರಿಮಾಡಲು 2 ಗಂಟೆ ಹೋದರೆ ಆ ₹1,400 ಅದೇ 5ರ ಮೇಲೆ ಬೀಳಬೇಕು, ಒಂದಕ್ಕೆ ₹280. ಅಷ್ಟು ಹೊತ್ತು ಮೆಷಿನ್ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ದರ ಕಟ್ಟುವ 300 ಗಂಟೆಯಲ್ಲೂ ಸೆಟ್ಟಿಂಗ್ ಸೇರಿರಲಿ. ಆಪರೇಟರ್ ಕೂಲಿಯನ್ನು ಮೆಷಿನ್ ದರದೊಳಗೆ ಸೇರಿಸಿದರೆ ಲೇಬರ್ ಸಾಲಿನಲ್ಲಿ ಮತ್ತೆ ಬರೆಯಬೇಡಿ.

ಇನ್ನೊಂದು, 300ರ ಬದಲು ಆಯಾ ತಿಂಗಳ ಗಂಟೆ ಹಾಕಬೇಡಿ. ಕಾಫಿ ಕೊಯ್ಲಿಗೆ ಮುಂಚೆ ಪಲ್ಪರ್ ಕೆಲಸ ಮುಗಿಬೀಳುತ್ತದೆ, ಆಮೇಲೆ ಇಳಿಯುತ್ತದೆ. 150 ಗಂಟೆ ಓಡಿದ ತಿಂಗಳ ಲೆಕ್ಕ ಹಿಡಿದರೆ ದರ ಸುಮಾರು ₹1,400ಕ್ಕೆ ಹಾರುತ್ತದೆ, ಬೇಕಾದ ಆರ್ಡರನ್ನೇ ಓಡಿಸಿಬಿಡುತ್ತೀರಿ. ವರ್ಷದ ಸಾಮಾನ್ಯ ಗಂಟೆ ತೆಗೆದುಕೊಳ್ಳಿ, ಖಾಲಿ ನಿಂತ ಗಂಟೆಗಳ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿ. ದಾಸ್ತಾನಿನ ಮೌಲ್ಯ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್ 2 ಕೂಡ ಉತ್ಪಾದನೆಯ ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆಯೇ ಹಂಚಲು ಹೇಳುತ್ತದೆ.