ನಾಲ್ಕು ಹೆಸರು, ಒಂದು ಫೋನು

"ಅಕ್ಕಾ, ನಮ್ದು ಬೇಲೂರು ಕಡೆ. ಬರ್ಮಿಂಗ್‌ಹ್ಯಾಮಿಗೆ ಬಂದು ಇನ್ನೂ ವರ್ಷ ಆಗಿಲ್ಲ. ಮನೆ ತೋಟದ ಕಾಫಿ ತರಿಸಿ ಇಲ್ಲೇ ಹುರಿದು ಮಾರೋಣ ಅಂತಿದೀನಿ. ಬೆಟ್ಟ, ಹೇಮಾ, ಸಂಪಿಗೆ, ಯಗಚಿ, ಈ ನಾಲ್ಕು ಹೆಸರು ಉಳಿಸ್ಕೊಂಡಿದೀನಿ. ಇಲ್ಲಿನವರ ಕಿವಿಗೆ ಯಾವುದು ಕೂರುತ್ತೆ ಅಂತ ಹೇಗೆ ನೋಡೋದು?"

ಮೊದಲು ಫೋನಿನಿಂದ ಶುರು ಮಾಡಿ, ಆದರೆ ವಾಟ್ಸಾಪ್ ಕರೆ ಬೇಡ. ಅದರಲ್ಲಿ ದನಿ ಚೆನ್ನಾಗಿ ಬರುತ್ತೆ, ಹೆಸರಿನ ಹುಳುಕು ಮುಚ್ಚಿಹೋಗುತ್ತೆ. ಹಳೇ ಮಾದರಿಯ ಸಾಮಾನ್ಯ ಕರೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ದಾಟಿಸುತ್ತೆ. 'ಸ'ಕಾರದ ಸೀಟಿಯಂಥ ಸದ್ದು ಬಹುಪಾಲು ಇರೋದು ಅದಕ್ಕಿಂತ ಮೇಲೆ. ಹಾಗಾಗಿ ಫೋನಿನಲ್ಲಿ 'ಸ' ಮತ್ತು 'ಫ' ಒಂದೇ ಥರ ಕೇಳುತ್ತವೆ, ಸಂಪಿಗೆ ಫಂಪಿಗೆ ಆಗಿಬಿಡಬಹುದು. 'ಮ' ಮತ್ತು 'ನ' ಕೂಡ ಬೇಗ ಅದಲುಬದಲಾಗೋ ಜೋಡಿ.

ಹೆಸರನ್ನು ಒಂಟಿಯಾಗಿ ಹೇಳಬೇಡಿ. ಅಂಗಡಿ ತೆರೆದ ಮೇಲೆ ಹೇಗೆ ಹೇಳ್ತೀರೋ ಹಾಗೇ, "ಹಲೋ, ಐ ಆಮ್ ಕಾಲಿಂಗ್ ಫ್ರಮ್ ಯಗಚಿ ಅಬೌಟ್ ಯುವರ್ ಆರ್ಡರ್" ಅಂತ ಒಂದೇ ಉಸಿರಿಗೆ, ಒಂದೇ ಸಲ. ಬಿಡಿಸಿ ಒತ್ತಿ ಹೇಳಿದರೆ ಪಾಸಾಗೋದು ಹೆಸರಲ್ಲ, ನಿಮ್ಮ ನಾಲಿಗೆ. ಆಮೇಲೆ ಕೇಳಿದವರು ತಮಗೆ ಕೇಳಿಸಿದ್ದನ್ನು ಮೆಸೇಜಿನಲ್ಲಿ ಟೈಪ್ ಮಾಡಿ ಕಳಿಸಲಿ. ಒಂದು ಹೆಸರನ್ನು ಒಬ್ಬರಿಗೆ ಒಂದೇ ಸಲ ಕೇಳಿಸಿ, ಯಾಕಂದ್ರೆ ಎರಡನೇ ಸಲಕ್ಕೆ ಅವರು ಕಲಿತುಬಿಟ್ಟಿರ್ತಾರೆ. ಆರು ಜನ ಸಾಕು, ಪ್ರತಿಯೊಬ್ಬರಿಗೂ ಹೆಸರುಗಳ ಸರದಿ ಬದಲಿಸಿ. ನಮ್ಮ ಕಡೆಯವರನ್ನು ಈ ಕೆಲಸಕ್ಕೆ ಕರೀಬೇಡಿ. ಹೇಮಾವತಿ, ಯಗಚಿ ಅಂದ್ರೆ ಅವರು ಅರ್ಧ ಕೇಳಿ ಉಳಿದರ್ಧ ತಾವೇ ತುಂಬಿಕೊಳ್ತಾರೆ. ಬರ್ಮಿಂಗ್‌ಹ್ಯಾಮಿನ ಇಬ್ಬರು, ಒಬ್ಬ ಸ್ಕಾಟಿಷ್, ಒಬ್ಬ ಪೋಲಿಷ್, ಒಬ್ಬ ಪಂಜಾಬಿ, ಒಬ್ಬ ಅಮೆರಿಕನ್ ಸಿಕ್ಕರೆ ನಿಮ್ಮ ಗಿರಾಕಿಗಳ ಕಿವಿ ಹೆಚ್ಚುಕಮ್ಮಿ ಸಿಕ್ಕ ಹಾಗೇ.

ನಿಮ್ಮ ಪಟ್ಟಿಯಲ್ಲಿ ನನಗೆ ಹೆಚ್ಚು ಭಯ ಇರೋದು ಬೆಟ್ಟದ ಮೇಲೆ. ಇಂಗ್ಲೆಂಡಿನ ಬಹುಪಾಲು ಜನ ಪದದ ಕೊನೆಯ 'ರ್' ನುಂಗುತ್ತಾರೆ, ಹಾಗಾಗಿ better ಅವರ ಬಾಯಲ್ಲಿ 'ಬೆಟ'. ನೀವು "ಬೆಟ್ಟ ಕಾಫಿ" ಅಂದ್ರೆ ಅವರಿಗೆ ಕೇಳಿಸೋದು better coffee. ಕೇಳೋಕೆ ಚಂದ, ಆದರೆ ಆಮೇಲೆ ಅದನ್ನೇ ಟೈಪ್ ಮಾಡಿ ಹುಡುಕಿದರೆ ಲೋಕದ ಕಾಫಿಯೆಲ್ಲ ಬರುತ್ತೆ, ನಿಮ್ಮದೊಂದು ಬಿಟ್ಟು. ಅಮೆರಿಕನ್ನರ ಬಾಯಲ್ಲಿ ನಡುವಿನ 'ಟ' ಮೆತ್ತಗಾಗಿ 'ಬೆಡ'ದ ಹತ್ತಿರ ಬರುತ್ತೆ. ಈ ಥರದ ಹೆಸರಿನ ಕಷ್ಟ ಏನಂದ್ರೆ, ತಪ್ಪಾಗಿ ಕೇಳಿಸಿಕೊಂಡವರಿಗೂ ತಪ್ಪು ಅಂತ ಅನ್ನಿಸೋದೇ ಇಲ್ಲ, "ಏನಂದ್ರಿ?" ಅಂತ ಕೇಳೋದೂ ಇಲ್ಲ. ಅದಕ್ಕೇ ಬರೆದು ಕಳಿಸಿ ಅನ್ನಬೇಕು, ಮುಖಭಾವ ನಂಬಬಾರದು.

ಹೇಮಾ ಸೋಲೋದು ಗದ್ದಲದಲ್ಲಿ. ಶನಿವಾರ ಮಧ್ಯಾಹ್ನ ಜನ ತುಂಬಿದ, ಗ್ರೈಂಡರ್ ತಿರುಗ್ತಿರೋ ಕೆಫೆಗೆ ಹೋಗಿ ಕೌಂಟರಿನ ಆಚೆ ಇರೋರಿಗೆ ಮಾಮೂಲಿ ದನಿಯಲ್ಲಿ ಹೇಳಿ. ಗ್ರೈಂಡರಿಗಿಂತ ಸುತ್ತಲಿನ ಮಾತೇ ಹೆಚ್ಚು ಕೆಡಿಸುತ್ತೆ, ಯಾಕಂದ್ರೆ ಅದೂ ಮನುಷ್ಯರ ದನಿಯೇ, ನಿಮ್ಮ ದನಿ ಇರೋ ಜಾಗದಲ್ಲೇ ಬಂದು ಕೂರುತ್ತೆ. ಅಲ್ಲಿ ಸ್ವರ ಉಳಿಯುತ್ತೆ, 'ಹ'ಕಾರದಂಥ ಬರೀ ಉಸಿರು ಮೊದಲು ಹೋಗುತ್ತೆ. ಬರ್ಮಿಂಗ್‌ಹ್ಯಾಮಿನವರು ಬೇರೆ ಮಾತಿನಲ್ಲೇ 'ಹ' ಬಿಡೋದು ಸಾಮಾನ್ಯ. ಹೇಮಾ ಹೋಗಿ 'ಎಮ್ಮಾ' ಆದರೆ ಅದೊಂದು ಹುಡುಗಿ ಹೆಸರು, ಅಷ್ಟೇ.

ಆಮೇಲೆ ಉಲ್ಟಾ ಪರೀಕ್ಷೆ: ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟು ಜೋರಾಗಿ ಓದಿಸಿ. Sampige ಇಲ್ಲೇ ಎಡವೋದು. ಕೊನೆಯ ge ಕೆಲವರ ಬಾಯಲ್ಲಿ 'ಜ್' ಆಗುತ್ತೆ, ಇನ್ನು ಕೆಲವರ ಕಣ್ಣು ನಡುವಿನ pig ಮೇಲೇ ನಿಲ್ಲುತ್ತೆ. ಕಾಫಿ ಪೊಟ್ಟಣದ ಮೇಲೆ ಹಂದಿ ಬೇಡ.

ಯಗಚಿಗೆ ಮೂರು ಅಕ್ಷರದ ಹಿಡಿತ ಇದೆ. 'ಚ'ಕಾರದ ಸದ್ದು 'ಸ'ಗಿಂತ ಕೆಳಗಿನಿಂದಲೇ ಶುರುವಾಗೋದರಿಂದ ಫೋನಿನಲ್ಲೂ ಒಂದಿಷ್ಟು ಉಳಿಯುತ್ತೆ. ಅದಕ್ಕೆ ಹತ್ತಿರದ ಇಂಗ್ಲಿಷ್ ಪದವೂ ಇಲ್ಲ, ಹಾಗಾಗಿ ಕೇಳದಿದ್ದವರು ಊಹಿಸದೆ ಮತ್ತೆ ಕೇಳ್ತಾರೆ. ಜಪಾನಿ ಹೆಸರಾ ಅಂತ ಒಬ್ಬಿಬ್ಬರು ಕೇಳಬಹುದು, ಕೇಳಲಿ ಬಿಡಿ. ಕೊನೆಯದನ್ನು chi, chee, ಎರಡು ಥರಾನೂ ಬರೀತಾರೆ.

ಆರು ಜನರಿಂದ ಶೇಕಡಾ ಲೆಕ್ಕ ಹಾಕೋಕೆ ಹೋಗಬೇಡಿ. ಒಬ್ಬರು ತಪ್ಪಿದರೆ ಬಿಡಿ. ಪರಸ್ಪರ ಗೊತ್ತಿಲ್ಲದ ಇಬ್ಬರು ಒಂದೇ ತಪ್ಪು ಬರೆದು ಕಳಿಸಿದರೆ ಮಾತ್ರ ಆ ಹೆಸರಿಗೆ ಗೆರೆ ಎಳೀರಿ. ತಪ್ಪು ಬರೀ ಕಾಗುಣಿತದ್ದಾಗಿ, ಉಚ್ಚಾರಣೆ ಸರಿ ಇದ್ದರೆ ಹೆಸರು ಉಳಿಸಿಕೊಳ್ಳಿ. ಅವರು ಬರೆದ ಆ ಇನ್ನೊಂದು ಕಾಗುಣಿತದ ವೆಬ್ ವಿಳಾಸವನ್ನೂ ಕೊಂಡು ನಿಮ್ಮದಕ್ಕೆ ತಿರುಗಿಸಿಬಿಡಿ.